ಆಡಿದ ಮಾತಿಗೆ ಪಟ್ಟಿಯಲ್ಲಿ ಜಾಗ ಉಂಟೇ?

ನಿನ್ನ ಮಹಾಪ್ರಬಂಧದ ಕರಡು ಪೂರ್ತಿ ಓದಿದೆನಮ್ಮ. ಕೋಲಾರದ ಕೆರೆಗಳ ಅಧ್ಯಾಯ ಚೆನ್ನಾಗಿ ಬಂದಿದೆ, ಆ ಮಾತು ಎದುರಿಗೆ ಕೂತು ಆಡೋಣ. ನನ್ನ ಪೆನ್ಸಿಲು ನಿಂತಿದ್ದು ಕೊನೆಯ ಪುಟಗಳಲ್ಲಿ. ಗ್ರಂಥಋಣದಲ್ಲಿ ಪುಸ್ತಕ, ಲೇಖನ, ಗೆಜೆಟಿಯರು, ಸರ್ಕಾರಿ ವರದಿ ಎಲ್ಲ ಮುಗಿದ ಮೇಲೆ ‘ಸಂದರ್ಶನಗಳು’ ಎಂದು ಒಂದು ತಲೆಬರಹ ಹಾಕಿದ್ದೀಯ. ಅದರ ಕೆಳಗೆ ನೀನು ಮಾತಾಡಿಸಿದವರನ್ನೆಲ್ಲ ಹೆಸರು, ವಯಸ್ಸು, ಜಾತಿ, ಊರು, ಕೆಲವರದು ಮೊಬೈಲ್ ನಂಬರು ಸಮೇತ ಸಾಲಾಗಿ ನಿಲ್ಲಿಸಿದ್ದೀಯ. ಅಂಚಿನಲ್ಲಿ ‘ಇದು ಇಲ್ಲಿ ಇರಬೇಕಾ ಸಾರ್?’ ಎಂದು ನೀನೇ ಬರೆದುಕೊಂಡೂ ಇದ್ದೀಯ.

ಆ ಅನುಮಾನ ಬಂದದ್ದು ಒಳ್ಳೆಯದಾಯಿತು. ಇದಕ್ಕೆ ಹೌದು, ಇಲ್ಲ ಎಂದು ಒಂದೇ ಏಟಿಗೆ ಹೇಳಲಾಗುವುದಿಲ್ಲ. ಆ ಸಾಲಿನಲ್ಲಿ ಒಟ್ಟಿಗೆ ನಿಂತವರು ಒಂದೇ ಥರದವರಲ್ಲ. ಅವರಲ್ಲಿ ಮೂವರನ್ನು ಮಾತ್ರ ತೆಗೆದುಕೊಂಡು ಹೇಳುತ್ತೇನೆ: ನೀರುಗಂಟಿ, ನಿವೃತ್ತ ಎಂಜಿನಿಯರು, ಮತ್ತು ಕೆರೆ ಕಟ್ಟಿದ ಕಥೆ ಹೇಳಿದ ತಾತ. ಈ ಮೂವರ ಜಾಗ ಗೊತ್ತಾದರೆ ಮಿಕ್ಕವರದನ್ನು ನೀನೇ ಹಚ್ಚಬಲ್ಲೆ.

ಅದಕ್ಕೂ ಮೊದಲು, ಪಟ್ಟಿ ಅಂತ ಒಂದು ಇರುವುದೇ ಯಾಕೆ ಅನ್ನುವುದು. ನಿಮ್ಮ ವಿಶ್ವವಿದ್ಯಾಲಯ ಕೇಳುವುದು ಎಪಿಎ ಶೈಲಿ, ಅದರ ಏಳನೆಯ ಆವೃತ್ತಿ. ಅದರ ಲೆಕ್ಕದಲ್ಲಿ ಪರಾಮರ್ಶನ ಪಟ್ಟಿ ಓದುವವರಿಗೆ ದಾರಿ ತೋರಿಸಲು ಇರುವಂಥದ್ದು. ಪುಸ್ತಕವಾದರೆ ಗ್ರಂಥಾಲಯಕ್ಕೆ ಹೋಗಿ ತೆಗೆದು ನೋಡಬಹುದು, ವರದಿಯಾದರೆ ಇಲಾಖೆಯಲ್ಲಿ ಕೇಳಬಹುದು. ನೀನು ಏರಿಯ ಮೇಲೆ ಕೂತು ಒಬ್ಬರ ಜೊತೆ ಆಡಿದ ಮಾತು ಎಲ್ಲಿದೆ? ನಿನ್ನ ಫೋನಿನಲ್ಲಿ. ಅದನ್ನು ಬೇರೆ ಯಾರೂ ತೆಗೆದು ಕೇಳಲಾರರು. ಆದ್ದರಿಂದ ಎಪಿಎ ಅಂಥ ಮಾತನ್ನು ‘ವೈಯಕ್ತಿಕ ಸಂವಹನ’ ಎಂದು ಕರೆದು, ಬರಹದ ಒಳಗೆ ಆವರಣದಲ್ಲಿ ಹೆಸರು, ತಾರೀಕು ಕೊಟ್ಟರೆ ಸಾಕು, ಪಟ್ಟಿಗೆ ತರಬೇಡ ಎನ್ನುತ್ತದೆ. ಫೋನಿನಲ್ಲಿ ಆಡಿದ್ದು, ಇಮೇಲಿನಲ್ಲಿ ಬಂದದ್ದು, ವಾಟ್ಸಾಪಿನಲ್ಲಿ ಧ್ವನಿ ಮಾಡಿ ಕಳಿಸಿದ್ದು ಎಲ್ಲಕ್ಕೂ ಇದೇ ಕಾನೂನು.

ಸಾಹಿತ್ಯ ವಿಭಾಗದಲ್ಲಿರುವ ನಿನ್ನ ಗೆಳತಿ ತನ್ನ ಸಂದರ್ಶನಗಳನ್ನು ಪಟ್ಟಿಯಲ್ಲೇ ಹಾಕಿದ್ದಾಳೆ ಎಂದೆಯಲ್ಲ, ಅವಳೂ ತಪ್ಪು ಮಾಡಿಲ್ಲ. ಅವಳದು ಎಂಎಲ್‌ಎ ಶೈಲಿ. ಆ ಪಟ್ಟಿ, ಬರೆದವರು ಏನೇನನ್ನು ಆಧರಿಸಿ ಬರೆದರು ಎಂಬುದರ ಲೆಕ್ಕ ಒಪ್ಪಿಸುವಂಥದ್ದು. ಬೇರೆಯವರ ಕೈಗೆ ಸಿಗುತ್ತದೋ ಇಲ್ಲವೋ ಅನ್ನುವುದು ಅಲ್ಲಿ ಮುಖ್ಯವಲ್ಲ. ಹಾಗಾಗಿ ಸಂದರ್ಶನ ಕೊಟ್ಟವರ ಹೆಸರಿನಿಂದ ಶುರುಮಾಡಿ, ಸಂದರ್ಶನ ಎಂದು ಹೇಳಿ, ಮಾಡಿದವರು ಯಾರೆಂದು ತಿಳಿಸಿ, ತಾರೀಕು ಹಾಕಿ ಪಟ್ಟಿಯಲ್ಲಿ ಒಂದು ನಮೂದು ಕೊಡುತ್ತಾರೆ. ಇತಿಹಾಸದವರು ಬಳಸುವ ಶಿಕಾಗೊ ಶೈಲಿ ನಡುವಿನ ದಾರಿ ಹಿಡಿಯುತ್ತದೆ. ಅಪ್ರಕಟಿತ ಸಂದರ್ಶನ ಅಡಿಟಿಪ್ಪಣಿಯಲ್ಲಿ ಇರಲಿ, ಗ್ರಂಥಸೂಚಿಗೆ ಬರುವುದು ಅಪರೂಪ. ಆದರೆ ಆ ಅಡಿಟಿಪ್ಪಣಿಯಲ್ಲಿ ಇಬ್ಬರ ಹೆಸರು, ತಾರೀಕು ಅಥವಾ ಸ್ಥಳ, ಧ್ವನಿಮುದ್ರಣವೋ ಬರಹಕ್ಕಿಳಿಸಿದ ಪ್ರತಿಯೋ ಇದ್ದರೆ ಅದು ಎಲ್ಲಿದೆ ಎಂಬುದೂ ಇರಬೇಕು. ಒಂದೇ ಸಂದರ್ಶನ ಮೂರು ಶೈಲಿಯಲ್ಲಿ ಮೂರು ಕಡೆ ಕೂರುತ್ತದೆ. ಯಾವ ಶೈಲಿಯೋ ಅದನ್ನು ಮೊದಲಿನಿಂದ ಕೊನೆಯವರೆಗೆ ಹಿಡಿ. ಅರ್ಧ ಇದು ಅರ್ಧ ಅದು ಮಾಡಿದರೆ ವೈವಾದಲ್ಲಿ ಸಿಕ್ಕಿಬೀಳುತ್ತೀಯ.

ಇಷ್ಟು ಎಲ್ಲ ಕೈಪಿಡಿಯಲ್ಲೂ ಸಿಗುತ್ತದೆ. ಹೆಚ್ಚಿನವರು ಇಲ್ಲಿಗೇ ಓದು ನಿಲ್ಲಿಸಿ, ‘ಓಹೋ, ಪಟ್ಟಿಯಿಂದ ತೆಗೆದು ಆವರಣಕ್ಕೆ ಹಾಕಿದರೆ ಆಯಿತು’ ಎಂದು ಎದ್ದುಬಿಡುತ್ತಾರೆ. ಆಮೇಲೆ ಪುಟಪುಟದಲ್ಲೂ ‘(ಇಂಥವರು, ವೈಯಕ್ತಿಕ ಸಂವಹನ, ಇಂಥ ದಿನ)’ ಎಂದು ಚೆಲ್ಲಿಕೊಂಡು ಹೋಗುತ್ತಾರೆ. ನಿನ್ನ ವಿಷಯದಲ್ಲಿ ಅದು ಈಗಿರುವುದಕ್ಕಿಂತ ದೊಡ್ಡ ತಪ್ಪಾಗುತ್ತದೆ.

ನೀರುಗಂಟಿಯ ಹತ್ತಿರ ನೀನು ಹೇಗೆ ಹೋದೆ ಎಂದು ನೆನಪು ಮಾಡಿಕೋ. ಪ್ರಶ್ನಾವಳಿ ಹಿಡಿದು ಹೋದೆ. ಅದೇ ಪ್ರಶ್ನೆಗಳನ್ನು ಬೇರೆ ಊರುಗಳ ನೀರುಗಂಟಿಗಳಿಗೂ, ಅಚ್ಚುಕಟ್ಟಿನ ರೈತರಿಗೂ ಕೇಳಿದೆ. ಒಪ್ಪಿಗೆ ಪತ್ರ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡೆ. ಆಮೇಲೆ ಎಲ್ಲರ ಉತ್ತರಗಳನ್ನೂ ಒಟ್ಟಿಗೆ ಇಟ್ಟು, ನೀರು ಕಡಿಮೆಯಾದ ವರ್ಷ ಸರದಿ ಹೇಗೆ ಮುರಿಯುತ್ತದೆ ಎಂದು ವಿಶ್ಲೇಷಣೆ ಮಾಡಿದೆ. ಅಂದಮೇಲೆ ಆ ಮಾತು ನಿನ್ನ ದತ್ತಾಂಶ. ನೀನೇ ಎಣಿಸಿ ತಂದ ಲೆಕ್ಕವನ್ನು ಯಾರೂ ಪಟ್ಟಿಯಲ್ಲಿ ಆಕರ ಎಂದು ಹಾಕುವುದಿಲ್ಲವಷ್ಟೆ? ಇದಕ್ಕೂ ಹಾಗೆಯೇ. ಎಪಿಎ ಇದನ್ನು ಬಿಡಿಸಿಯೇ ಹೇಳಿದೆ: ಅಧ್ಯಯನದಲ್ಲಿ ಭಾಗವಹಿಸಿದವರ ಮಾತು ವೈಯಕ್ತಿಕ ಸಂವಹನವೂ ಅಲ್ಲ, ಪಟ್ಟಿಯ ನಮೂದೂ ಅಲ್ಲ. ಇದು ನನ್ನ ಅಧ್ಯಯನದಲ್ಲಿ ಭಾಗವಹಿಸಿದವರ ಮಾತು ಎಂದು ಬರಹದಲ್ಲಿ ತಿಳಿಸಿ, ಗುಟ್ಟು ಕಾಯುವ ಒಪ್ಪಂದಕ್ಕೆ ತಕ್ಕಂತೆ ಕೊಟ್ಟರೆ ಸರಿ.

ಇದು ಬರೀ ಶೈಲಿಯ ತಕರಾರು ಅಂದುಕೊಳ್ಳಬೇಡ. ನಿನ್ನ ಮೂರನೆಯ ಅಧ್ಯಾಯದಲ್ಲಿ ಒಂದು ಮಾತಿದೆ. ಮಳೆ ಕೈಕೊಟ್ಟ ವರ್ಷ ಊರವರು ಕೂತು ದಿನ ಬಿಟ್ಟು ದಿನ ನೀರು ಎಂದು ತೀರ್ಮಾನ ಮಾಡಿದರು. ಮೂರನೇ ರಾತ್ರಿಯೇ ಒಬ್ಬರು ತೂಬಿನ ಬಿರಡೆ ಎತ್ತಿಸಿದರು. ಬೆಳಿಗ್ಗೆ ಕೇಳಲು ಹೋದರೆ ‘ನಿನ್ನ ಕೆಲಸ ನೀನು ನೋಡಿಕೊ’ ಎಂದು ಗದರಿಸಿದರು. ಇದನ್ನು ಹೇಳಿದವರು ನೀರುಗಂಟಿ. ಆ ಕಡೆ ಈ ಕೆಲಸ ಹೆಚ್ಚಾಗಿ ದಲಿತ ಕುಟುಂಬಗಳಲ್ಲಿ ತಲೆಮಾರಿನಿಂದ ಬಂದದ್ದು. ಬಿರಡೆ ಎತ್ತಿಸಿದವರು ಯಾವ ಬೀದಿಯವರೆಂದು ನಿನಗೂ ಗೊತ್ತು, ನನಗೂ ಗೊತ್ತು. ನೀನು ಅವರಿಗೆ ಓದಿ ಹೇಳಿದ ಒಪ್ಪಿಗೆ ಪತ್ರದಲ್ಲಿ ‘ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ’ ಎಂಬ ಸಾಲಿದೆ. ಕರಡಿನ ಕೊನೆಯ ಪುಟದಲ್ಲಿ ಹೆಸರಿದೆ.

‘ಪ್ರಬಂಧ ಯಾರು ಓದುತ್ತಾರೆ ಸಾರ್’ ಅನ್ನಬೇಡ. ಒಂದು ಕಾಲದಲ್ಲಿ ಮಹಾಪ್ರಬಂಧ ಗ್ರಂಥಾಲಯದ ಕಪಾಟಿನಲ್ಲಿ ದೂಳು ತಿನ್ನುತ್ತಿತ್ತು, ನಿಜ. ಈಗ ಪಿಎಚ್‌.ಡಿ. ಪ್ರಬಂಧಗಳು ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಸಂಗ್ರಹಕ್ಕೆ ಹೋಗುತ್ತವೆ. ಆ ಊರಿನ ಹುಡುಗನೊಬ್ಬ ತನ್ನ ಊರಿನ ಹೆಸರು ಹೊಡೆದು ಹುಡುಕಿದರೆ ನಿನ್ನ ಪುಟ ಅವನ ಮೊಬೈಲಿಗೇ ಬರುತ್ತದೆ.

ಹೆಸರು ಬದಲಿಸಿದರೆ ಮುಗಿಯಿತೇ ಅಂದರೆ, ಹಳ್ಳಿಯಲ್ಲಿ ಅದೂ ಸಾಲದು. ಒಂದು ಕೆರೆಗೆ ಒಬ್ಬರೋ ಇಬ್ಬರೋ ನೀರುಗಂಟಿಗಳು. ‘ನೀರುಗಂಟಿ, 71 ವರ್ಷ, ಇಂಥ ಊರು’ ಎಂದು ಬರೆದರೆ ಹೆಸರು ಬೇರೆ ಬರೆಯಬೇಕೇ? ಪರೀಕ್ಷೆ ಹೀಗೆ ಮಾಡು: ಆ ವಾಕ್ಯವನ್ನು ಆ ಊರಿನ ಟೀ ಅಂಗಡಿಯಲ್ಲಿ ಕೂತವರು ಓದಿದರೆ ಯಾರೆಂದು ಹೇಳಬಲ್ಲರೇ? ಹೇಳಬಲ್ಲರಾದರೆ ಊರಿನ ಹೆಸರು ತೆಗೆದು ತಾಲ್ಲೂಕಿನ ಮಟ್ಟಕ್ಕೆ ಏರಿಸು, ವಯಸ್ಸನ್ನು ‘ಎಪ್ಪತ್ತು ದಾಟಿದವರು’ ಎಂದು ಸಡಿಲಿಸು, ಆ ಪುಟದಲ್ಲಿ ಕೆರೆಯ ಹೆಸರನ್ನೂ ಕೈಬಿಡು. ಬಿರಡೆ ಎತ್ತಿಸಿದವರ ಗುರುತೂ ಹೋಗಲಿ. ಅವರು ನಿನಗೆ ಒಪ್ಪಿಗೆಯನ್ನೇ ಕೊಟ್ಟಿಲ್ಲ, ಅವರ ಕಡೆಯ ಮಾತನ್ನು ನೀನು ಕೇಳಿಯೂ ಇಲ್ಲ.

ಹಾಗಾದರೆ ಓದುವವರಿಗೆ ಭರವಸೆ ಹೇಗೆ ಬರಬೇಕು? ಅದಕ್ಕೆ ವಿಧಾನದ ಅಧ್ಯಾಯ ಇದೆ. ಎಷ್ಟು ಜನರನ್ನು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ತಾಲ್ಲೂಕುಗಳಲ್ಲಿ ಮಾತಾಡಿಸಿದೆ, ಕನ್ನಡದಲ್ಲೋ ತೆಲುಗಿನಲ್ಲೋ, ಧ್ವನಿಮುದ್ರಣ ಮಾಡಿದೆಯೋ ಕೈಯಲ್ಲಿ ಬರೆದುಕೊಂಡೆಯೋ, ಬರಹಕ್ಕೆ ಇಳಿಸಿದವರು ಯಾರು, ತೆಲುಗಿನಿಂದ ಕನ್ನಡಕ್ಕೆ ತಂದವರು ಯಾರು. ಇಷ್ಟನ್ನು ಎರಡು ಪುಟ ಬಿಡಿಸಿ ಬರೆದರೆ, ಉಲ್ಲೇಖ ಬಂದ ಕಡೆಯಲ್ಲೆಲ್ಲ ‘(ನೀರುಗಂಟಿ, ಸಂದರ್ಶನ 3)’ ಎಂದಷ್ಟು ಹಾಕಿದರೆ ಸಾಕು. ಸಂದರ್ಶನ 3 ಯಾರದು ಎಂಬ ಬೀಗದ ಕೈ ಒಂದು ಬೇರೆ ಹಾಳೆಯಲ್ಲಿರಲಿ. ಆ ಹಾಳೆ ಧ್ವನಿ ಕಡತಗಳ ಜೊತೆ ಒಂದೇ ಫೋಲ್ಡರಿನಲ್ಲಿ ಇರುವುದು ಬೇಡ. ಪ್ರತಿ ಉಲ್ಲೇಖದ ಪಕ್ಕ, ನಿನ್ನ ಸ್ವಂತ ಪ್ರತಿಯಲ್ಲಿ ಮಾತ್ರ, ಧ್ವನಿಮುದ್ರಣದ ನಿಮಿಷ ಗುರುತು ಹಾಕಿಡು. ಪರೀಕ್ಷಕರು ‘ಈ ಮಾತು ನಿಜಕ್ಕೂ ಆಡಿದ್ದಾರಾ?’ ಎಂದು ಕೇಳಿದರೆ ಹತ್ತು ನಿಮಿಷ ತಡಕಾಡಬೇಕಾಗುವುದಿಲ್ಲ. ಅವರಿಗೆ ಧ್ವನಿ ಕೇಳಿಸಬಹುದೋ ಇಲ್ಲವೋ ಅನ್ನುವುದಕ್ಕೂ ಒಪ್ಪಿಗೆ ಪತ್ರದಲ್ಲೇ ಉತ್ತರ ಇರಬೇಕು. ಇಲ್ಲದಿದ್ದರೆ ಬರಹಕ್ಕಿಳಿಸಿದ ಪ್ರತಿಯಲ್ಲಿ ಹೆಸರು ಹೊಡೆದುಹಾಕಿ ತೋರಿಸು.

ಎಂಜಿನಿಯರರ ಮಾತು ಬೇರೆ. ಅವರನ್ನು ನೀನು ಅಧ್ಯಯನ ಮಾಡಲಿಲ್ಲ, ಗೊತ್ತಿಲ್ಲದ್ದನ್ನು ಕೇಳಿ ತಿಳಿಯಲು ಹೋದೆ. ಹೆಸರು ಹಾಕಿಕೊಳ್ಳಮ್ಮ ಎಂದು ಅವರೇ ಹೇಳಿದ್ದಾರೆ. ಇದೇ ನಿಜವಾದ ವೈಯಕ್ತಿಕ ಸಂವಹನ. ಅವರ ಹೆಸರು ಕೆ. ರಾಮಪ್ಪ ಎಂದು ಇಟ್ಟುಕೊಂಡರೆ, ವಾಕ್ಯದ ಕೊನೆಗೆ ‘(ಕೆ. ರಾಮಪ್ಪ, ವೈಯಕ್ತಿಕ ಸಂವಹನ, ಮಾರ್ಚ್ 12, 2024)’ ಎಂದು ಬರುತ್ತದೆ. ಹೆಸರಿನ ಮೊದಲಕ್ಷರ ಬಿಡಬೇಡ, ‘2024ರಲ್ಲಿ’ ಎಂದು ತೇಲಿಸಲೂ ಬೇಡ, ದಿನ ಗೊತ್ತಿದ್ದರೆ ದಿನವನ್ನೇ ಹಾಕು. ಇವರು ಯಾರು, ಇವರ ಮಾತನ್ನು ಯಾಕೆ ನಂಬಬೇಕು ಎಂಬುದು ಆವರಣದಲ್ಲಿ ಹಿಡಿಸುವುದಿಲ್ಲ. ಅದನ್ನು ವಾಕ್ಯದಲ್ಲೇ ಹೇಳು: ಸಣ್ಣ ನೀರಾವರಿ ಇಲಾಖೆಯಲ್ಲಿ ಈ ಕೆರೆಗಳ ದುರಸ್ತಿ ನೋಡಿಕೊಂಡವರು ಎಂದು. ಪಟ್ಟಿಯಲ್ಲಿ ಅವರಿಗೆ ಜಾಗ ಇಲ್ಲ. ಇದೇ ಪ್ರಬಂಧವನ್ನು ನಾಳೆ ಎಂಎಲ್‌ಎ ಕೇಳುವ ಪತ್ರಿಕೆಗೆ ಲೇಖನ ಮಾಡಿದರೆ, ಆಗ ಪಟ್ಟಿಯಲ್ಲಿ ‘ರಾಮಪ್ಪ, ಕೆ. ಲೇಖಕಿಯೊಂದಿಗೆ ಸಂದರ್ಶನ. 12 ಮಾರ್ಚ್ 2024’ ಎಂದು ಬಂದು ಕೂರುತ್ತಾರೆ. ಹೆಸರನ್ನು ಹಿಂದುಮುಂದು ಮಾಡುವಾಗ ಹುಷಾರು. ನಮ್ಮಲ್ಲಿ ಮೊದಲ ಅಕ್ಷರ ಊರಿನದೂ ಇರಬಹುದು, ಅಪ್ಪನದೂ ಇರಬಹುದು. ಪಾಶ್ಚಾತ್ಯ ಮನೆತನದ ಹೆಸರಿನ ಅಚ್ಚಿಗೆ ಒತ್ತಿದರೆ ಎಷ್ಟೋ ಸಲ ಅಪ್ಪನ ಹೆಸರಿನಲ್ಲಿ ಮಗ ಅಕಾರಾದಿಯಾಗಿ ನಿಂತಿರುತ್ತಾನೆ.

ಎಂಜಿನಿಯರರ ಮಾತಿನಲ್ಲಿ ನಾನು ಬೇರೊಂದು ಕೊರತೆ ನೋಡಿದೆ. ಕೆರೆಯ ಅಚ್ಚುಕಟ್ಟು ಎಷ್ಟು, ಜಲ ಸಂವರ್ಧನೆ ಯೋಜನೆ ಯಾವಾಗ ಬಂತು ಎಂಬುದಕ್ಕೂ ಅವರ ಹೆಸರನ್ನೇ ಕೊಟ್ಟಿದ್ದೀಯ. ಇವೆಲ್ಲ ಕಾಗದದಲ್ಲಿ ಇರುವ ಸಂಗತಿ. ಅಚ್ಚುಕಟ್ಟು ಇಲಾಖೆಯ ಕೆರೆ ಪಟ್ಟಿಯಲ್ಲಿದೆ. ಜಲ ಸಂವರ್ಧನೆ ಯೋಜನೆ ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಶುರುವಾದದ್ದು, ಅದರ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮದಲ್ಲಿ ಒಂದು ಒಳ್ಳೆಯ ಕಟ್ಟಳೆ ಇದೆ: ಸಾರ್ವಜನಿಕವಾಗಿ ಎಲ್ಲೂ ಸಿಗದ, ಬಿಟ್ಟರೆ ವಾದವೇ ನಿಲ್ಲದ ಮಾಹಿತಿಗೆ ಮಾತ್ರ ವೈಯಕ್ತಿಕ ಸಂವಹನವನ್ನು ಬಳಸಿ, ಹಾಗೆ ಬಳಸುವಾಗ ಹೇಳಿದವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ ಅಂತ. ನೀನು ವೈದ್ಯಕೀಯದವಳಲ್ಲ, ಆದರೂ ಇದನ್ನು ಎರವಲು ತಗೊ. ಹಾಗೆ ಜರಡಿ ಹಿಡಿದರೆ ಎಂಜಿನಿಯರರ ಮಾತಿನಲ್ಲಿ ಉಳಿಯುವುದು ಒಂದೇ: ಹಳೆಯ ಬಿರಡೆ ತೆಗೆದು ತಿರುಪಿನ ಗೇಟು ಕೂರಿಸಿದ ಮೇಲೆ ಅದರ ಹಿಡಿಕೆ ಯಾರ ಮನೆಯಲ್ಲಿ ಇರುತ್ತದೋ ಅವರದೇ ನೀರು ಎನ್ನುವಂತಾಯಿತು ಎಂಬುದು. ಅದು ಯಾವ ಕಡತದಲ್ಲೂ ಇಲ್ಲ, ಅವರು ಕಣ್ಣಾರೆ ಕಂಡದ್ದು. ಅದನ್ನು ಅವರ ಹೆಸರಿನಲ್ಲೇ ಕೊಡು. ಅದೊಂದೇ ನಿನ್ನ ಅಧ್ಯಾಯಕ್ಕೆ ಸಾಕಷ್ಟು ಬಲ ಕೊಡುತ್ತದೆ.

ಇನ್ನು ತಾತ. ಕೆರೆಗೆ ಹಾರವಾದ ಸೊಸೆಯ ಕಥೆಯನ್ನು ಅವರ ವಂಶದವರು ಹಬ್ಬದ ದಿನ ಏರಿಯ ಗುಡಿಯ ಮುಂದೆ ಹೇಳಿಕೊಂಡು ಬಂದಿದ್ದಾರೆ. ‘ನನ್ನ ಹೆಸರು ಹಾಕವ್ವ, ನಮ್ಮಪ್ಪನ ಹೆಸರೂ ಹಾಕು’ ಎಂದು ಅವರು ಹೇಳಿದ್ದು ನಿನ್ನ ಟಿಪ್ಪಣಿ ಪುಸ್ತಕದಲ್ಲೇ ಇದೆ. ಇವರನ್ನು ‘ಸಂದರ್ಶನ 9’ ಎಂದು ಬರೆಯುವುದು ಅನ್ಯಾಯ. ಹೆಸರು ಮುಚ್ಚಿಡುವುದು ಒಬ್ಬರಿಗೆ ರಕ್ಷಣೆಯಾದರೆ ಇನ್ನೊಬ್ಬರಿಗೆ ಅಳಿಸಿಹಾಕಿದಂತೆ.

ಇದೇ ತಕರಾರು ಕೆನಡಾದಲ್ಲೂ ಎದ್ದಿತ್ತು. ಅಲ್ಲಿನ ಮೂಲನಿವಾಸಿ ಸಮುದಾಯಗಳ ಹಿರಿಯರು ಹೇಳಿದ ಜ್ಞಾನವನ್ನು ‘ವೈಯಕ್ತಿಕ ಸಂವಹನ’ ಎಂದು ಆವರಣಕ್ಕೆ ತಳ್ಳಿ ಪಟ್ಟಿಯಿಂದ ಹೊರಗಿಟ್ಟರೆ, ಪುಸ್ತಕ ಬರೆದವರು ಮಾತ್ರ ಜ್ಞಾನಿಗಳು ಎಂದ ಹಾಗಾಗುತ್ತದೆ ಎಂಬುದು ಅವರ ವಾದ. ಲೊರಿಸಿಯಾ ಮ್ಯಾಕ್‌ಲಿಯಾಡ್ ಎಂಬ ಗ್ರಂಥಪಾಲಕಿ, ಸ್ವತಃ ಕ್ರೀ ಸಮುದಾಯದವರು, ಹಿರಿಯರನ್ನು ಪಟ್ಟಿಯಲ್ಲೇ ನಮೂದಿಸುವ ಮಾದರಿಗಳನ್ನು ರೂಪಿಸಿ 2021ರಲ್ಲಿ ಲೇಖನವಾಗಿ ಪ್ರಕಟಿಸಿದರು. ಹೆಸರು, ಸಮುದಾಯ, ಇರುವ ಊರು, ಹೇಳಿದ ವಿಷಯ, ತಾರೀಕು ಎಲ್ಲವೂ ಆ ನಮೂದಿನಲ್ಲಿ ಬರುತ್ತವೆ. ಅಲ್ಲಿನ ಹಲವು ಕಾಲೇಜು ಗ್ರಂಥಾಲಯಗಳು ಅದನ್ನು ಬಳಸುತ್ತವೆ. ಅದು ಅವರ ಜನಕ್ಕಾಗಿ, ಅವರ ಚರಿತ್ರೆಯಿಂದ ಹುಟ್ಟಿದ ಮಾದರಿ. ಅದನ್ನು ಎತ್ತಿ ಇಲ್ಲಿ ಅಂಟಿಸು ಎಂದು ನಾನು ಹೇಳುತ್ತಿಲ್ಲ. ಹೇಳಿದವರಿಗೂ ಬರೆದವರಷ್ಟೇ ಗೌರವ ಸಲ್ಲಬೇಕು ಎಂಬ ಮಾತು ಮಾತ್ರ ನಮಗೂ ಹೊಂದುತ್ತದೆ.

ನಮ್ಮ ಜಾನಪದದವರಂತೂ ಇದನ್ನು ಬಹಳ ಹಿಂದೆಯೇ ತಮ್ಮ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾರೆ. ಕನ್ನಡದ ಜಾನಪದ ಪ್ರಬಂಧಗಳನ್ನು ತೆಗೆದು ನೋಡು, ಅನುಬಂಧದಲ್ಲಿ ‘ವಕ್ತೃಗಳ ಪಟ್ಟಿ’ ಎಂದು ಇರುತ್ತದೆ. ಹಾಡಿದವರು, ಕಥೆ ಹೇಳಿದವರು ಎಲ್ಲರೂ ಅಲ್ಲಿದ್ದಾರೆ. ಗ್ರಂಥಋಣದ ಶಿಸ್ತೂ ಕೆಡುವುದಿಲ್ಲ, ತಾತನ ಹೆಸರೂ ಉಳಿಯುತ್ತದೆ. ನಿನಗೂ ಅದೇ ದಾರಿ: ಬರಹದ ಒಳಗೆ ಪೂರ್ತಿ ಹೆಸರಿನಲ್ಲಿ ವೈಯಕ್ತಿಕ ಸಂವಹನ, ಕೊನೆಗೆ ಅನುಬಂಧದಲ್ಲಿ ವಕ್ತೃಗಳ ಪಟ್ಟಿ. ಆದರೆ ಆ ಹಳೆಯ ಪಟ್ಟಿಗಳ ಒಂದು ಚಾಳಿ ಬಿಡು. ವಯಸ್ಸು, ಜಾತಿ, ವಿದ್ಯೆ, ವಿಳಾಸ ಎಲ್ಲವನ್ನೂ ಕೋಷ್ಟಕ ತುಂಬಿಸಲೆಂದೇ ತುಂಬುವ ಅಭ್ಯಾಸ ಅಲ್ಲಿದೆ. ಅವರು ಹಾಕು ಎಂದದ್ದನ್ನಷ್ಟೇ ಹಾಕು. ಮೊಬೈಲ್ ನಂಬರು ಯಾರದೂ, ಯಾವ ಕಾರಣಕ್ಕೂ ಬೇಡ.

ತಾತನ ಧ್ವನಿ ಪಟ್ಟಿಯೊಳಗೇ ಬರಬೇಕು ಎಂದು ನಿನಗೆ ಅಷ್ಟು ಆಸೆಯಿದ್ದರೆ ಅದಕ್ಕೆ ಸರಿಯಾದ ಬಾಗಿಲೂ ಇದೆ. ಧ್ವನಿಮುದ್ರಣವನ್ನು ಒಂದು ಸಂಗ್ರಹಾಲಯಕ್ಕೆ ಒಪ್ಪಿಸು. ಬೆಂಗಳೂರಿನ ಎನ್‌ಸಿಬಿಎಸ್ ಪತ್ರಾಗಾರ ಮೌಖಿಕ ಇತಿಹಾಸವನ್ನು ಇಟ್ಟುಕೊಂಡಿದೆ, ಆದರೆ ಅದರ ಒಲವು ವಿಜ್ಞಾನದ ಚರಿತ್ರೆಯ ಕಡೆ. ಹಾಡು, ಕಥನಗಳ ಕ್ಷೇತ್ರ ಧ್ವನಿಮುದ್ರಣಗಳಿಗೆ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನವರು 1982ರಲ್ಲಿ ಶುರುಮಾಡಿದ ಸಂಗ್ರಹ ಗುರುಗ್ರಾಮದಲ್ಲಿ ಇದೆ. ನಿಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯವೇ ತೆಗೆದುಕೊಳ್ಳುತ್ತದೆಯೋ ಮೊದಲು ಕೇಳು. ಅಲ್ಲಿ ಅದಕ್ಕೊಂದು ಸಂಖ್ಯೆ ಬಿದ್ದು, ಬೇರೆಯವರು ಹೋಗಿ ಕೇಳಬಹುದು ಎಂದಾದ ದಿನ ಅದು ನಿನ್ನ ಫೋನಿನ ಮಾತಾಗಿ ಉಳಿಯುವುದಿಲ್ಲ, ಸಂಗ್ರಹಾಲಯದ ವಸ್ತುವಾಗುತ್ತದೆ. ಎಪಿಎ ಪಟ್ಟಿಯಲ್ಲೂ ಹಕ್ಕಿನಿಂದ ಬಂದು ಕೂರುತ್ತದೆ. ಸಂದರ್ಶನವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರೂ ಹಾಗೆಯೇ, ಆಗ ಉಲ್ಲೇಖಿಸಬೇಕಾದ್ದು ಆ ಸಂಚಿಕೆಯನ್ನು.

ಒಪ್ಪಿಸಲು ಮಾತ್ರ ಬೇರೆ ಒಪ್ಪಿಗೆ ಬೇಕು. ‘ನನ್ನ ಪ್ರಬಂಧಕ್ಕೆ ಬಳಸುತ್ತೇನೆ’ ಎಂದು ನೀನು ಪಡೆದ ಹೆಬ್ಬೆಟ್ಟು ‘ಯಾರು ಬೇಕಾದರೂ ಕೇಳಲಿ’ ಎಂಬುದಕ್ಕೆ ನಡೆಯುವುದಿಲ್ಲ. ಮುಂದಿನ ವಾರ ಮಾಲೂರಿನ ಕಡೆ ಹೋಗುವೆಯಂತಲ್ಲ, ಹೊಸ ಪತ್ರ ತೆಗೆದುಕೊಂಡು ಹೋಗು. ತಾತನಿಗೆ ಧ್ವನಿ ಪೂರ್ತಿ ಕೇಳಿಸು. ನಡುವೆ ಅವರು ದಾಯಾದಿಗಳ ಜಗಳದ ಮಾತು ಎತ್ತಿದ್ದಾರೆ, ಅಷ್ಟು ತೆಗೆಯಬೇಕೋ ಇರಲೋ ಎಂದು ಕೇಳು, ಅವರ ಮಗನೂ ಪಕ್ಕದಲ್ಲಿರಲಿ. ಎಂಜಿನಿಯರರಿಗೆ ಅವರ ಹೆಸರಿರುವ ಆ ಒಂದು ವಾಕ್ಯವನ್ನು ಬರೆದು ಕಳಿಸಿ, ಹೌದು ಎಂಬ ಉತ್ತರವನ್ನು ಬರಹದಲ್ಲೇ ತರಿಸಿಕೋ. ನೀರುಗಂಟಿಯ ಮನೆಗೆ ಹೋದರೆ ಹಾಳೆ, ಫೋನು ಏನೂ ತೆಗೆಯಬೇಡ. ಆದರೆ ಹೊರಡುವ ಮೊದಲು ಆ ಕೊನೆಯ ಪುಟವನ್ನು ಕರಡಿನಿಂದ ತೆಗೆದುಹಾಕಿ, ನಿಮ್ಮ ವಿಭಾಗದ ಕಂಪ್ಯೂಟರಿನಲ್ಲಿ ಇರುವ ಪ್ರತಿಯಿಂದಲೂ ಅಳಿಸಿ ಹೋಗು.